ಗುಬ್ಬಿ ಬೇರೆ ಫೈಲಿನಲ್ಲಿ

ನೀವು ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆಯವರಾಗಿದ್ದು, ಅಪ್ಪ ಅವ್ವ ಮದುವೆಯಾದ ಹೊಸದರಲ್ಲಿ ಸ್ಟುಡಿಯೋಕ್ಕೆ ಹೋಗಿ ತೆಗೆಸಿದ ಫೋಟೊ ಮನೆಯಲ್ಲಿದ್ದರೆ, ಒಮ್ಮೆ ಗೋಡೆಯಿಂದ ಇಳಿಸಿ ನೋಡಿ. ಹಿಂದಿನ ಪರದೆಯಲ್ಲಿ ಅರಮನೆಯ ಮೆಟ್ಟಿಲು ಇರುತ್ತದೆ, ಇಲ್ಲವೇ ಕಾರಂಜಿ, ಇಲ್ಲವೇ ಬರೆದವರು ಕಣ್ಣಾರೆ ಕಾಣದ ಕಾಶ್ಮೀರ. ಅದನ್ನೆಲ್ಲ ಬಿಡಿ. ಕೆಳಗೆ ಎಡ ಮೂಲೆ ನೋಡಿ. ಅಲ್ಲೊಂದು ಗುಬ್ಬಿ ಕೂತಿದ್ದರೆ ಆ ಪರದೆ ಬರೆದವರು ನಮ್ಮ ದಿಲಾವರ ಚಾಚಾ.

ನಮ್ಮ ಅಂದೆ. ರಕ್ತ ಸಂಬಂಧವೇನೂ ಇಲ್ಲ. ರಾಣೆಬೆನ್ನೂರಿನ ಬಸ್‌ಸ್ಟ್ಯಾಂಡಿನ ಹತ್ತಿರ ಮಹಡಿಯ ಮೇಲೆ ನಮ್ಮಪ್ಪನ ಫೋಟೊ ಸ್ಟುಡಿಯೋ ಇತ್ತು. ಅಲ್ಲಿನ ಪರದೆಗಳೆಲ್ಲ ಚಾಚಾ ಬರೆದವೇ. ನಾನು ಹುಡುಗಿಯಿದ್ದಾಗ ಅವರು ಬ್ಯಾಡಗಿಯಿಂದ ಸುತ್ತಿದ ಪರದೆಯನ್ನು ಬಸ್ಸಿನ ಟಾಪಿನ ಮೇಲೆ ಹಾಕಿಕೊಂಡು ಬರುತ್ತಿದ್ದರು. ಬಿಚ್ಚುವಾಗ ಮನೆಮಂದಿಯೆಲ್ಲ ಸುತ್ತ ನಿಲ್ಲಬೇಕು, ಇಲ್ಲದಿದ್ದರೆ ಬಿಚ್ಚುತ್ತಲೇ ಇರಲಿಲ್ಲ. ಅಷ್ಟು ದೌಲತ್ತಿನ ಮನುಷ್ಯ. "ಗುಬ್ಬಿ ಯಾಕ ಬರೀತೀರಿ ಚಾಚಾ?" ಎಂದು ಕೇಳಿದರೆ "ಸಹಿ ಮಾಡಿದ್ರ ಯಾರು ಓದತಾರ? ಗುಬ್ಬಿ ಎಲ್ಲಾರೂ ನೋಡತಾರ" ಎನ್ನುತ್ತಿದ್ದರು.

ಆಮೇಲೆ ಫ್ಲೆಕ್ಸ್ ಬಂತು. ಅದರ ಹಿಂದೆಯೇ ಎಲ್ಲರ ಕೈಗೂ ಫೋನು ಬಂತು. ಪರದೆ ಬರೆಸುವವರೇ ಇಲ್ಲವಾದರು. ಚಾಚಾ ಕೆಲವು ವರ್ಷ ಮೆಣಸಿನಕಾಯಿ ಅಂಗಡಿಗಳ ಬೋರ್ಡು ಬರೆದರು, ಲಾರಿಗಳ ಹಿಂದೆ ಹೂವು ಬರೆದರು, ಅದೂ ನಿಂತಿತು. ಕೊನೆಗೆ ಹಾವೇರಿಯ ಹೈವೇ ಪಕ್ಕ ಅಳಿಯ ಮಹಮ್ಮದ್ ಹನೀಫ್‌ನ ಟಾಯರ್ ಅಂಗಡಿಯಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತರು. ಹನೀಫ್ ಒಳ್ಳೆಯ ಹುಡುಗ, ಮಾವನಿಗೆ ಹೊತ್ತು ಹೊತ್ತಿಗೆ ಚಹಾ ತರಿಸುತ್ತಿದ್ದ. ಆದರೆ ಆ ಕುರ್ಚಿಯ ಮೇಲೆ ಕೂತ ಚಾಚಾರನ್ನು ನೋಡಲು ನನಗೆ ಆಗುತ್ತಿರಲಿಲ್ಲ. ಬರುವ ಹೋಗುವ ಗಾಡಿಗಳ ಹಿಂಭಾಗ ನೋಡುತ್ತ, "ಇದನ್ಯಾವ ಕತ್ತಿ ಬರದಾನ" ಎಂದು ಬೈಯುತ್ತ ಕೂತಿರುತ್ತಿದ್ದರು.

ಹೀಗಿರುವಾಗ ಮಗಳು ಬೇನಜೀರ ಚಾಚಾರ ಫೋನಿಗೆ ಒಂದು ಎಐ ಆ್ಯಪ್ ಹಾಕಿಕೊಟ್ಟಳು. ಏನು ಬೇಕೋ ಬಾಯಲ್ಲಿ ಹೇಳಿದರೆ ಸಾಕು, ಅದು ಕೆಲವು ಸೆಕೆಂಡಿನ ವಿಡಿಯೋ ಮಾಡಿಕೊಡುತ್ತದೆ. ಕನ್ನಡದಲ್ಲಿ ಹೇಳಿದರೂ ನಡೆಯುತ್ತದೆ. ಮೊಮ್ಮಕ್ಕಳನ್ನು ಆಡಿಸಲಿ ಎಂದು ಅವಳು ಹಾಕಿಕೊಟ್ಟದ್ದು. ಚಾಚಾ ಮರುವಾರವೇ ನನ್ನ ಸ್ಟುಡಿಯೋದ ಮೆಟ್ಟಿಲು ಹತ್ತಿ ಬಂದರು. ಉಸಿರು ಬಿಡುತ್ತ ಕೂತು, ಫೋನನ್ನು ನನ್ನ ಮುಂದೆ ಹಿಡಿದು ಹೇಳಿದರು:

"ನೋಡವ್ವಾ ಶ್ವೇತಾ. ಪರದೆ ಈಗ ಅಳ್ಳಾಡತೈತಿ. ಕಾರಂಜ್ಯಾಗ ಖರೇನ ನೀರು!"

ನಿಜಕ್ಕೂ ನೀರು ಚಿಮ್ಮುತ್ತಿತ್ತು. ಸುತ್ತ ನವಿಲು, ಬಾತುಕೋಳಿ, ಕಾಮನಬಿಲ್ಲು. ಎಡಮೂಲೆಯಲ್ಲಿ ಗುಬ್ಬಿ.

ಅಪ್ಪನ ಸ್ಟುಡಿಯೋ ಈಗ ನನ್ನದು. ನಾನು ಫೋಟೊ ತೆಗೆಯುವುದಕ್ಕಿಂತ ಎಡಿಟಿಂಗ್ ಮಾಡುವುದೇ ಹೆಚ್ಚು. ಮದುವೆ ಆಮಂತ್ರಣದ ವಿಡಿಯೋ, ಬೀಜದ ಅಂಗಡಿಗಳ ಜಾಹೀರಾತು, ವಾರ್ಷಿಕೋತ್ಸವ, ಹೀಗೆ. ಜನರನ್ನು ಹಸಿರು ಬಟ್ಟೆಯ ಮುಂದೆ ನಿಲ್ಲಿಸಿ ಚಿತ್ರೀಕರಿಸುತ್ತೇನೆ. ಕಂಪ್ಯೂಟರಿನಲ್ಲಿ ಆ ಹಸಿರನ್ನು ತೆಗೆದುಹಾಕಿ, ಹಿಂದೆ ಬೇರೆ ದೃಶ್ಯ ಕೂರಿಸುತ್ತೇನೆ. ಹಿಂದೆ ಕೂರುವ ಆ ದೃಶ್ಯಕ್ಕೆ ನಾವು ಪ್ಲೇಟ್ ಅನ್ನುತ್ತೇವೆ. ಇಂಟರ್‌ನೆಟ್ಟಿನಲ್ಲಿ ಸಿಗುವ ಪ್ಲೇಟುಗಳನ್ನು ಹುಬ್ಬಳ್ಳಿಯಿಂದ ದಾವಣಗೆರೆಯವರೆಗೆ ಎಲ್ಲರೂ ಬಳಸಿ ಬಳಸಿ ಸವೆಸಿಬಿಟ್ಟಿದ್ದಾರೆ. ನನಗೆ ಹೊಸವು ಬೇಕಿದ್ದವು. ಚಾಚಾಗೆ ಆ ಕುರ್ಚಿ ಬಿಟ್ಟು ಏಳಬೇಕಿತ್ತು. ಬಾಯಿ ಬಿಟ್ಟು ಹೇಳಿಯೂಬಿಟ್ಟರು.

"ಅಲ್ಲಿ ಕುಂತ್ರ ನಾನೂ ಒಂದು ಹಳೇ ಟಾಯರ್ ಆಗಿಬಿಡ್ತೀನವ್ವಾ. ಕೆಲಸ ಕೊಡು."

ಕೊಟ್ಟೆ. ಕೊಡುವಾಗ ನನ್ನ ಷರತ್ತನ್ನೂ ಹೇಳಿದೆ. ನನಗೆ ಬೇಕಾದದ್ದು ಸಾದಾ ಹಿನ್ನೆಲೆ. ಬರೀ ಗೋಡೆ, ಬರೀ ಆಕಾಶ, ಬರೀ ಮಸುಕು ಬೆಳಕು. ಕ್ಯಾಮೆರಾ ಸ್ಟ್ಯಾಂಡಿನ ಮೇಲಿದ್ದಂತೆ ಅಲುಗಾಡದೆ ನಿಲ್ಲಬೇಕು, ಯಾಕೆಂದರೆ ನಾನು ನಿಲ್ಲಿಸಿದ ಮನುಷ್ಯ ಅಲುಗಾಡದೆ ಹಿಂದಿನ ಗೋಡೆ ಮಾತ್ರ ಸರಿದರೆ ಅವನು ಚಕ್ಕಡಿಯ ಮೇಲೆ ಹೋಗುತ್ತಿರುವಂತೆ ಕಾಣುತ್ತಾನೆ. ನನ್ನ ಸ್ಟುಡಿಯೋದಲ್ಲಿ ಲೈಟು ಬಲಗಡೆಯಿಂದ ಬೀಳುತ್ತದೆ, ಪ್ಲೇಟಿನಲ್ಲೂ ಬಲದಿಂದಲೇ ಬೀಳಬೇಕು. ಮತ್ತೆ ಮುಖ್ಯವಾಗಿ, ಏನೂ ಇರಬಾರದು. ಏನನ್ನು ಎಲ್ಲಿ ಇಡಬೇಕೆಂಬುದು ಎಡಿಟರ್ ಕೆಲಸ.

ಚಾಚಾ ಮುಖ ಗಂಟು ಹಾಕಿದರು. "ಖಾಲಿ ಪರದೆ ಅಂದ್ರ ಅದು ಪರದೆ ಅಲ್ಲವ್ವಾ, ಬರೇ ಅರಿವಿ ತುಂಡು."

"ಅರಿವೀನ ಬೇಕು ನನಗ," ಅಂದೆ.

ಮೊದಲು ಬಂದ ಪ್ಲೇಟುಗಳನ್ನು ನೀವು ನೋಡಬೇಕಿತ್ತು. ಸಾದಾ ಗೋಡೆ ಎಂದರೆ ಗೋಡೆಗೊಂದು ಗಡಿಯಾರ, ಕೆಳಗೊಂದು ಹೂಕುಂಡ, ಕಿಟಕಿಯಲ್ಲಿ ಚಂದ್ರ. ಚಾಚಾಗೂ ಆ ಆ್ಯಪ್ಪಿಗೂ ಜಾತಕ ಕೂಡಿಬಂದಿತ್ತು. ಖಾಲಿ ಜಾಗ ಕಂಡರೆ ಇಬ್ಬರಿಗೂ ಕೈ ತುರಿಸುತ್ತದೆ. ಅವರು ಹೇಳದಿದ್ದರೂ ಅದು ಒಂದು ಮೊಳೆ ಹೊಡೆದು ಕ್ಯಾಲೆಂಡರ್ ನೇತುಹಾಕುತ್ತಿತ್ತು. ಅದು ಹಾಕದಿದ್ದರೆ ಇವರು ಹೇಳಿ ಹಾಕಿಸುತ್ತಿದ್ದರು. ಮೇಲಾಗಿ ವಾಟ್ಸಾಪಿನಲ್ಲಿ ವಿಡಿಯೋ ಅಂತಲೇ ಕಳಿಸುತ್ತಿದ್ದರು, ಅದು ಕುಗ್ಗಿ ಚೌಕ ಚೌಕವಾಗಿ ಒಡೆದು ಬರುತ್ತಿತ್ತು. ಡಾಕ್ಯುಮೆಂಟ್ ಅಂತ ಕಳಿಸಿದರೆ ಮೂಲದ ಹಾಗೇ ಬರುತ್ತದೆ ಎಂದು ಕಲಿಸುವಷ್ಟರಲ್ಲಿ ನನ್ನ ಗಂಟಲು ಬಿದ್ದುಹೋಯಿತು.

ಆದರೂ ನಿಧಾನಕ್ಕೆ ಹಾದಿಗೆ ಬಂದರು. ಗಡಿಯಾರ ಹೋಯಿತು, ಹೂಕುಂಡ ಹೋಯಿತು, ಚಂದ್ರ ಮುಳುಗಿತು. ಗುಬ್ಬಿ ಮಾತ್ರ ಹೋಗಲಿಲ್ಲ. ಅದನ್ನು ಅವರು ಹೇಗೋ ಒಂದು ಕಡೆ ತೂರಿಸುತ್ತಿದ್ದರು. ನಾನು ಬೈಯುವುದು, ಅವರು "ಕೈ ತಪ್ಪಿ ಬಂತು" ಎನ್ನುವುದು, ಹೀಗೆ ನಡೆದಿತ್ತು, ರುದ್ರಮುನಿಯವರು ಬರುವತನಕ.

ರುದ್ರಮುನಿಯವರು ಬ್ಯಾಡಗಿಯಲ್ಲಿ ಮೆಣಸಿನಪುಡಿಯ ಗಿರಣಿ ಇಟ್ಟವರು. ಹೊಸ ಅಂಗಡಿಯ ಜಾಹೀರಾತಿಗೆ ತಾವೇ ನಿಂತು ಮಾತಾಡಿದ್ದರು. ಹಸಿರು ಬಟ್ಟೆಯ ಮುಂದೆ ಅವರನ್ನು ಚಿತ್ರೀಕರಿಸಿಯಾಗಿತ್ತು. ಹಿನ್ನೆಲೆಗೆ ಇಟ್ಟಿಗೆ ಬಣ್ಣದ ಗೋಡೆ ಬೇಕು ಎಂದು ಚಾಚಾಗೆ ಹೇಳಿದ್ದೆ, ಆವತ್ತು ಬೆಳಿಗ್ಗೆಯೇ ಬಂದಿತ್ತು. ರುದ್ರಮುನಿಯವರು ನನ್ನ ಪಕ್ಕದಲ್ಲೇ ಕುರ್ಚಿ ಎಳೆದು ಕೂತು, "ಹಚ್ಚವಾ, ನೋಡೂಣು" ಅಂದರು. ಮೇಲಿನ ಲೇಯರಿನಲ್ಲಿ ರುದ್ರಮುನಿ, ಕೆಳಗಿನ ಲೇಯರಿನಲ್ಲಿ ಗೋಡೆ. ಹಸಿರು ತೆಗೆದೆ. ಮನುಷ್ಯ ಗೋಡೆಯ ಮುಂದೆ ಚೆಂದ ನಿಂತ. ಮಾತು ಶುರು ಮಾಡಿದ. ಎಡಗಡೆಯಿಂದ ಒಂದು ಗುಬ್ಬಿ ಪುರ್ರೆಂದು ಹಾರಿ ಬಂತು, ನೇರ ಅವರ ಕಿವಿಯೊಳಗೆ ಹೊಕ್ಕಿತು, ಆಚೆ ಕಿವಿಯಿಂದ ಹೊರಬಿದ್ದು ಹೋಯಿತು. ಗುಬ್ಬಿ ಇದ್ದದ್ದು ಕೆಳಗಿನ ಲೇಯರಿನಲ್ಲಿ ತಾನೆ, ತಲೆಯ ಹಿಂದೆ ಹಾಯ್ದುಹೋಗಿದೆ. ಆದರೆ ಕಂಡದ್ದು ಹಾಗೆ.

"ಏನವಾ ಇದು!" ರುದ್ರಮುನಿಯವರು ಎದ್ದು ನಿಂತರು. "ಈ ಕಿವ್ಯಾಗ ಹೊಕ್ಕು ಆ ಕಿವ್ಯಾಗ ಹೊರಗ ಬಂತಲ್ಲ! ನಡುವ ಏನೂ ಇಲ್ಲೇನು ನನ್ನ ತಲ್ಯಾಗ?"

ನಗು ತಡೆಯಲು ಹೋಗಿ ನನಗೆ ಕೆಮ್ಮು ಬಂತು. ಅವರಿಗೆ ಬಂದದ್ದು ಸಿಟ್ಟು. ಇನ್ನೊಂದು ಗೋಡೆ ಹಾಕಿ ತೋರಿಸಿ, ಚಹಾ ಕುಡಿಸಿ, ಹೇಗೋ ಸಮಾಧಾನ ಮಾಡಿ ಕಳಿಸಿದೆ. ಅವರು ಮೆಟ್ಟಿಲಿಳಿದ ಮೇಲೆ ಚಾಚಾಗೆ ಫೋನು ಹಚ್ಚಿದೆ.

"ಚಾಚಾ, ಇನ್ನೊಂದು ಗುಬ್ಬಿ ಬಂತು ಅಂದ್ರ ನಾ ಹುಬ್ಬಳ್ಳಿಯಿಂದ ಪ್ಲೇಟ್ ತರಿಸ್ತೀನಿ. ನೀವು ಹನೀಫನ ಅಂಗಡ್ಯಾಗ ಕುಂದ್ರಿ."

ಚಾಚಾ "ಆತು" ಎಂದು ಫೋನಿಟ್ಟರು.

ಮುನಿಸಿಕೊಂಡರು ಎನ್ನುವುದು ಮರುದಿನದ ಪ್ಲೇಟು ನೋಡಿ ಗೊತ್ತಾಯಿತು. ಬರೀ ಬೂದು ಬಣ್ಣ. ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಒಂದೇ ಬೂದು, ಡಬ್ಬಿಯಿಂದ ಸುರಿದಂತೆ. ಅದರ ಮುಂದೆ ಯಾರನ್ನು ನಿಲ್ಲಿಸಿದರೂ ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತಿದ್ದರು. ಮತ್ತೆ ಫೋನು ಮಾಡಿ ಹೇಳಿದೆ: ಬಣ್ಣ ನನ್ನ ಕಂಪ್ಯೂಟರಿನಲ್ಲೇ ಇದೆ, ಅದಕ್ಕೆ ನೀವು ಬೇಕಾಗಿಲ್ಲ. ಗೋಡೆ ಬೇಕು. ಗೋಡೆಯ ಮೇಲೆ ಬೆಳಕು ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಇರುತ್ತದೆ, ಸುಣ್ಣ ಸ್ವಲ್ಪ ಒರಟಾಗಿರುತ್ತದೆ, ಕಣ್ಣಿಗೆ ಕಂಡೂ ಕಾಣದ ಹಾಗೆ ನೆರಳು ಉಸಿರಾಡುತ್ತಿರುತ್ತದೆ. ಆದರೆ ಏನೂ ಇರುವುದಿಲ್ಲ.

"ಏನೂ ಇಲ್ಲದ್ದು ಇಷ್ಟು ತ್ರಾಸೈತೇನು!" ಅಂದರು ಚಾಚಾ. ಧ್ವನಿಯಲ್ಲಿ ಸಿಟ್ಟು ಇಳಿದಿತ್ತು. ಕೆಲಸ ಕಠಿಣ ಎಂದು ಗೊತ್ತಾದರೆ ಅವರಿಗೆ ಹುರುಪು.

ಆ ವಾರವೆಲ್ಲ ಚಾಚಾ ಗೋಡೆ ನೋಡುತ್ತ ತಿರುಗಿದರು. ಹಾವೇರಿ ಕೋರ್ಟಿನ ಹಿಂದಿನ ಗೋಡೆಯ ಮುಂದೆ ನಿಂತು, ವಕೀಲರೊಬ್ಬರು "ಏನು ಕೇಸ್ರಿ ನಿಮ್ಮದು?" ಎಂದು ಕೇಳುವ ತನಕ ನೋಡಿದರಂತೆ. ಬ್ಯಾಡಗಿಯ ಗೋದಾಮುಗಳ ಗೋಡೆಗಳನ್ನು ಸಂಜೆ ಬಿಸಿಲಿನಲ್ಲಿ ನೋಡಿದರು. ನೋಡಿದ್ದನ್ನು ಫೋನಿಗೆ ಹೇಳಿದರು: ಸುಣ್ಣ ಹಚ್ಚಿದ ಹಳೆಯ ಗೋಡೆ, ಬಲಗಡೆಯಿಂದ ಇಳಿಬಿಸಿಲು, ಎಡಕ್ಕೆ ಹೋದಂತೆ ಮಂಕು, ಕ್ಯಾಮೆರಾ ಎದೆಮಟ್ಟದಲ್ಲಿ ನಿಂತಲ್ಲೇ ನಿಂತಿದೆ. ಬಂದ ಪ್ಲೇಟು ನೋಡಿ ನಾನು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದೆ. ಅದರ ಮುಂದೆ ಯಾರನ್ನು ನಿಲ್ಲಿಸಿದರೂ ಆ ಮನುಷ್ಯ ಅಲ್ಲೇ ಹುಟ್ಟಿ ಬೆಳೆದಂತೆ ಕಾಣುತ್ತಿದ್ದ. ರುದ್ರಮುನಿಯವರಿಗೂ ಅದನ್ನೇ ಹಾಕಿದೆ, ಖುಷಿಪಟ್ಟರು. ಕೆಲವು ತಿಂಗಳು ಎಲ್ಲವೂ ಸುಸೂತ್ರ. ಚಾಚಾ ಬಿಳಿ ಅಂಗಿಯ ಜೇಬಿನಲ್ಲಿ ಮತ್ತೆ ಪೆನ್ನು ಸಿಕ್ಕಿಸಿಕೊಂಡು ಓಡಾಡತೊಡಗಿದರು. ಹೊಸಬರು ಕಂಡರೆ "ನಾ ಪ್ಲೇಟ್ ಮಾಡತೇನ್ರಿ" ಎನ್ನುವರು. ಕೇಳಿದವರು ಊಟದ ತಟ್ಟೆ ಎಂದುಕೊಂಡರೆ ಕೋಪ.

ಆಗ ಕರ್ಜಗಿಯ ಗದಿಗೆವ್ವ, ಶಂಕ್ರಪ್ಪ ದಂಪತಿ ಬಂದರು. ಹೊಲ ಮನೆ ಗಟ್ಟಿಯಿದ್ದ ಜನ. ಮದುವೆಯ ವಾರ್ಷಿಕೋತ್ಸವಕ್ಕೆ ಮಕ್ಕಳು ಒಂದು ವಿಡಿಯೋ ಮಾಡಿಸುತ್ತಿದ್ದರು. ಹಳೆಯ ಫೋಟೊ ಒಂದಿತ್ತು, ನಮ್ಮಪ್ಪನೇ ತೆಗೆದದ್ದು, ಹೊಸ ಮದುಮಕ್ಕಳು ಅರಮನೆಯ ಮೆಟ್ಟಿಲಿನ ಮುಂದೆ ನಿಂತಿದ್ದರು. ಈಗ ಅದೇ ಭಂಗಿಯಲ್ಲಿ ಇಬ್ಬರನ್ನೂ ನಿಲ್ಲಿಸಿ, ಹಳೆಯದರಿಂದ ಹೊಸದಕ್ಕೆ ಜಾರುವಂತೆ ತೋರಿಸಬೇಕು. ಹಿನ್ನೆಲೆ ಮಾತ್ರ ಈಗಿನ ಫ್ಯಾಶನ್ ಹಾಗೆ ಸಾದಾ ಗೋಡೆ ಇರಲಿ ಎಂದು ಸೊಸೆ ಹೇಳಿಕಳಿಸಿದ್ದಳು.

ಹಸಿರು ಬಟ್ಟೆಯ ಮುಂದೆ ನಿಲ್ಲಿಸಿದೆ. ಶಂಕ್ರಪ್ಪನವರು ಗೂಟ ಬಡಿದಂತೆ ನಿಂತರು. ಗದಿಗೆವ್ವ ಮಾತ್ರ ನನ್ನ ತಲೆ ತಿಂದರು. ಎಷ್ಟು ಸಲ ಹೇಳಿದರೂ ಕ್ಯಾಮೆರಾ ನೋಡಲೊಲ್ಲರು. ತಲೆ ಸ್ವಲ್ಪ ಬಾಗಿಸಿ, ಕಣ್ಣು ಕೆಳಗೆ ಒಂದು ಮೂಲೆಗೆ. ಅಲ್ಲಿ ಹಸಿರು ಬಟ್ಟೆ ಬಿಟ್ಟರೆ ಏನೂ ಇಲ್ಲ. ನಾಚಿಕೆ ಇರಬೇಕು ಎಂದುಕೊಂಡು ಹಾಗೇ ಚಿತ್ರೀಕರಿಸಿದೆ. ಹಳೆಯ ಫೋಟೊವನ್ನು ಮೊಬೈಲಿನಲ್ಲಿ ತೆಗೆದು ಚಾಚಾಗೆ ಕಳಿಸಿ, ಇದಕ್ಕೆ ಹೊಂದುವ ಸಾದಾ ಗೋಡೆಯ ಪ್ಲೇಟ್ ಬೇಕು ಅಂದೆ.

ಪ್ಲೇಟ್ ಬಂತು. ಜೋಡಿಸಿದೆ. ಗೋಡೆ ಚೆಂದ, ಬೆಳಕು ಚೆಂದ, ಗಂಡ ಹೆಂಡತಿ ಚೆಂದ. ಕೊನೆಯ ಸೆಕೆಂಡಿನಲ್ಲಿ, ಶಂಕ್ರಪ್ಪನವರ ಮೊಣಕಾಲಿನ ಹಿಂದಿನಿಂದ ಒಂದು ಗುಬ್ಬಿ ಕುಪ್ಪಳಿಸಿ ಬಂತು.

ಆ ಚೂರನ್ನು ಕತ್ತರಿಸಿ ಎಸೆದು ಮುಂದಿನ ಕೆಲಸ ನೋಡಬಹುದಿತ್ತು. ಆದರೆ ನನ್ನ ಕೋಪ ನಿಮಗೆ ಗೊತ್ತಿಲ್ಲ. ಅಷ್ಟೊತ್ತಿಗೆ ಚಾಚಾ ಬೇರೆ ಮೆಟ್ಟಿಲು ಹತ್ತಿ ಬಂದರು, ಹೊಗಳಿಸಿಕೊಳ್ಳಲು.

"ಚಾಚಾ, ಏನಿದು?"

ನೋಡಿದರು. ಮುಖ ಬಿಳಿಚಿತು. ಫೋನಿನ ಸಣ್ಣ ತೆರೆಯಲ್ಲಿ, ಹೈವೇ ಬಿಸಿಲಿನಲ್ಲಿ, ಕಾಳಿನಷ್ಟು ಗುಬ್ಬಿ ಅವರಿಗೆ ಕಂಡೇ ಇರಲಿಲ್ಲ.

"ನಾ ಹಾಕಿಲ್ಲವ್ವಾ. ಅಲ್ಲಾನ ಆಣಿ. ಬ್ಯಾಡಂತನ ಹೇಳೇನಿ. ಗುಬ್ಬಿ ಬ್ಯಾಡ ಅಂತ ಒತ್ತಿ ಒತ್ತಿ ಹೇಳೇನಿ ಅದಕ್ಕ."

"ಹೌದಾ? ನೀವು ಬ್ಯಾಡ ಅಂದ್ರಿ, ಅದು ತಾನ ಹಾರಿ ಬಂತು?"

"ಹೌದು!"

"ಇಷ್ಟು ದಿನಾನೂ ಹಿಂಗ ಕೈ ತಪ್ಪಿ ಬರತಿತ್ತು. ಸಾಕ್ ಮಾಡ್ರಿ ಚಾಚಾ. ಇನ್ನ ಪ್ಲೇಟ್ ಕಳಸಬ್ಯಾಡ್ರಿ."

ಚಾಚಾ ಜಗಳದ ಮನುಷ್ಯ. ಕೂಗಾಡುತ್ತಾರೆ ಎಂದುಕೊಂಡಿದ್ದೆ. ಕೂಗಲಿಲ್ಲ. ಜೇಬಿನ ಪೆನ್ನನ್ನು ಒಮ್ಮೆ ಮುಟ್ಟಿ ನೋಡಿಕೊಂಡು, ಮೆಟ್ಟಿಲು ಇಳಿದು ಹೋದರು. ಅದು ನನಗೆ ಕೂಗಾಟಕ್ಕಿಂತ ಹೆಚ್ಚು ತಾಗಿತು.

ಹುಬ್ಬಳ್ಳಿಯ ಪ್ಲೇಟಿನವರು ಫೋನ್ ಎತ್ತಲಿಲ್ಲ. ದಂಪತಿ ಮರುದಿನ ಬರುವವರಿದ್ದರು. ಏನು ಮಹಾ, ನಾನೇ ಮಾಡಿಕೊಂಡರಾಯಿತು ಎಂದು ಅದೇ ಆ್ಯಪ್ ಹಾಕಿಕೊಂಡೆ. ನಾನು ಪದವಿ ಓದಿದವಳು, ಸ್ಪಷ್ಟವಾಗಿ ಬರೆದೆ: ಸುಣ್ಣದ ಖಾಲಿ ಗೋಡೆ, ಬಲದಿಂದ ಬೆಳಕು, ಅಲುಗದ ಕ್ಯಾಮೆರಾ. ಹಕ್ಕಿ ಇರಕೂಡದು. ಗುಬ್ಬಿಯಂತೂ ಬೇಡವೇ ಬೇಡ.

ಎರಡು ಗುಬ್ಬಿ ಬಂದವು. ಒಂದಕ್ಕೊಂದು ಕೊಕ್ಕು ತಿಕ್ಕುತ್ತಿದ್ದವು.

ಮತ್ತೆ ಬರೆದೆ, ಇನ್ನೂ ಜೋರಾಗಿ. ಈ ಸಲ ಒಂದು ಗುಬ್ಬಿ ನೇರ ಕ್ಯಾಮೆರಾ ನೋಡಿತು. ಆಗ ತಲೆಗೆ ಹೊಳೆಯಿತು. ಈ ಆ್ಯಪ್ಪಿಗೆ ಬೇಡ ಎನ್ನುವುದು ಅಷ್ಟಾಗಿ ಕಿವಿಗೆ ಬೀಳುವುದಿಲ್ಲ, ಗುಬ್ಬಿ ಎನ್ನುವುದು ಚೆನ್ನಾಗಿ ಬೀಳುತ್ತದೆ. ಹೆಸರು ಹೇಳಿದರೆ ಸಾಕು, ಕರೆದರು ಎಂದು ಬಂದುಬಿಡುತ್ತದೆ. ಗುಬ್ಬಿಯ ಸಾಲು ಅಳಿಸಿ, ಬರೀ ಗೋಡೆಯ ಮಾತು ಮಾತ್ರ ಉಳಿಸಿ ಕೊಟ್ಟೆ. ಗೋಡೆ ಬಂತು. ಖಾಲಿ. ಆ ಸುಸೂತ್ರದ ತಿಂಗಳುಗಳಲ್ಲಿ ಚಾಚಾ ಹೇಳುತ್ತಿದ್ದುದೂ ಹೀಗೇ ತಾನೆ, ಇರಬೇಕಾದದ್ದನ್ನು ಮಾತ್ರ. ಈ ಸಲ ತಮ್ಮದೇ ಗುಬ್ಬಿಯಿದ್ದ ಫೋಟೊ ಕಣ್ಣ ಮುಂದಿತ್ತು, ತಮ್ಮ ಮೇಲೆ ತಮಗೇ ನಂಬಿಕೆ ಸಾಲದೆ, ಹೆದರಿ, ಬೇಡ ಅಂದಿದ್ದರು. ಆ ಹೆದರಿಕೆಯೇ ಗುಬ್ಬಿಯನ್ನು ಕರೆದುಕೊಂಡು ಬಂದಿತ್ತು.

ಬೆಳಿಗ್ಗೆ ಮೊದಲ ಬಸ್ಸಿಗೆ ಹಾವೇರಿಗೆ ಹೋದೆ. ಚಾಚಾ ಅದೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಜೇಬಿನಲ್ಲಿ ಪೆನ್ನಿರಲಿಲ್ಲ. ಹನೀಫ್ ನನ್ನನ್ನು ಕಂಡು ಟಾಯರ್ ಬಿಟ್ಟು ಎದ್ದು, "ನಿನ್ನಿಯಿಂದ ಯಾರ ಗಾಡೀನೂ ಬೈದಿಲ್ಲ ನೋಡ್ರಿ ಅಕ್ಕಾರ" ಎಂದು ಪಿಸುಗುಟ್ಟಿದ.

ನಾನು ನನ್ನ ಫೋನು ತೆಗೆದು ಕೊಕ್ಕು ತಿಕ್ಕುವ ಜೋಡಿಯನ್ನು ತೋರಿಸಿದೆ. "ನನಗೂ ಬಂದಾವ ಚಾಚಾ. ಬ್ಯಾಡ ಅಂದಿದ್ದಕ್ಕ ಎರಡು ಬಂದಾವ. ನೀವು ಖರೇ ಹೇಳಿದ್ರಿ. ತಪ್ಪು ನಂದು."

ಚಾಚಾ ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. "ನನ್ನ ಗುಬ್ಬಿಗಿಂತಾ ಕಡೀ ಅದಾವ. ಬಾಲ ನೋಡು, ಕಾಗಿ ಬಾಲ," ಅಂದರು. ಆಮೇಲೆ ನನ್ನ ಮುಖ ನೋಡಿ, "ಅಂದ್ರ ನಾ ಹಾಕಿದ್ದಲ್ಲ ಅಂತ ತಿಳೀತಲ್ಲ?"

"ತಿಳೀತ್ರಿ."

"ಸಾಕು."

ಹೆಸರೇ ಎತ್ತಬಾರದು ಎಂಬ ಗುಟ್ಟು ಹೇಳಿದೆ. ಅಲ್ಲೇ ಕೂತು, ಇದ್ದದ್ದನ್ನಷ್ಟೇ ಹೇಳಿ, ಹೊಸ ಪ್ಲೇಟ್ ಮಾಡಿದರು. ನನ್ನದಕ್ಕಿಂತ ಎಷ್ಟೋ ಚೆಂದ ಬಂತು, ನಾನು ಬೆಳಕು ಅಂದದ್ದು ಅವರಿಗೆ ಮಾಘದ ಸಂಜೆಯ ಬೆಳಕು. ಕೊನೆಯ ಸೆಕೆಂಡಿನವರೆಗೆ ನೆರಳಿನಲ್ಲಿ ಹಿಡಿದು ನೋಡಿದರು. ಏನೂ ಬರಲಿಲ್ಲ. "ಚಲೋ ಐತಿ," ಅಂದರು. ಅಂದ ರೀತಿಯಲ್ಲಿ ಸಂತೋಷವಿರಲಿಲ್ಲ. ಮನೆ ಬಿಟ್ಟುಕೊಟ್ಟವರು ಬೀಗದ ಕೈ ಕೊಡುವಾಗ ಹೀಗೇ ಮಾತಾಡುತ್ತಾರೆ. ನನಗೆ ಬಹಳ ಕೆಟ್ಟೆನಿಸಿತು. ಜೊತೆಗೆ ಬನ್ನಿ ಎಂದು ಕರೆದುಕೊಂಡು ಬಂದೆ.

ಮಧ್ಯಾಹ್ನ ದಂಪತಿ ಬಂದರು. ತೋರಿಸಿದೆ. ಮೆಟ್ಟಿಲಿನ ಮುಂದಿನ ಹಳೆಯ ಜೋಡಿ ಕರಗಿ, ಗೋಡೆಯ ಮುಂದಿನ ಈಗಿನ ಜೋಡಿ ಮೂಡಿತು. ಶಂಕ್ರಪ್ಪನವರು ತಮ್ಮ ಮೀಸೆಯನ್ನು ನೋಡಿಕೊಂಡು ತೃಪ್ತರಾದರು. ಗದಿಗೆವ್ವ ಇನ್ನೊಮ್ಮೆ ಹಾಕು ಅಂದರು. ಹಾಕಿದೆ. ಮತ್ತೊಮ್ಮೆ ಅಂದರು. ಆಮೇಲೆ ಕೇಳಿದರು:

"ಗುಬ್ಬಿ ಎಲ್ಲಿ ಹೋತವಾ?"

ಚಾಚಾ ಬಾಗಿಲ ಹತ್ತಿರದ ಸ್ಟೂಲಿನಿಂದ ತಲೆಯೆತ್ತಿದರು. ನಾನು ಅವರ ಕಡೆ ನೋಡಲಿಲ್ಲ.

"ಯಾವ ಗುಬ್ಬಿರಿ ಅವ್ವಾರ?"

"ಅದ, ಫೋಟೊದಾಗಿಂದು. ಅವತ್ತ ನನಗ ಕ್ಯಾಮೆರಾ ನೋಡಾಕ ಬರವಲ್ದಾಗಿತ್ತು. ಇವ್ರ ಬಾಜೂಕ ನಿಂತೀನಿ, ಗುರುತಿಲ್ಲ ಪರಿಚಯಿಲ್ಲ, ಅಳು ಬರಾಕತ್ತಿತ್ತು. ನಿಮ್ಮಪ್ಪಾರು, 'ನಮ್ಮನ್ನ್ಯಾರನೂ ನೋಡಬ್ಯಾಡ ತಂಗೀ, ಹಿಂದ ಆ ಗುಬ್ಬಿ ಐತಲ್ಲ, ಅದನ್ನ ನೋಡು' ಅಂದ್ರು. ಅದನ್ನ ನೋಡಕೋಂತ ನಿಂತೆ. ಮೊನ್ನೀನೂ ಅಲ್ಲೇ ನೋಡೇನಿ. ಅದ ಪದ್ಧತಿ ಅಂತ."

ನಾನು ಹಳೆಯ ಫೋಟೊ ದೊಡ್ಡದು ಮಾಡಿದೆ. ಹುಡುಗಿ ತಲೆ ಬಾಗಿಸಿದ್ದಾಳೆ, ಕಣ್ಣು ಕೆಳಗೆ ಎಡಕ್ಕೆ, ನೇರ ಆ ಗುಬ್ಬಿಯ ಮೇಲೆ. ಹೊಸದರಲ್ಲಿ ಅದೇ ತಲೆ, ಅದೇ ಬಾಗು, ಕೂದಲು ಬೆಳ್ಳಗೆ, ಕಣ್ಣು ಖಾಲಿ ಗೋಡೆಯ ಮೂಲೆಯ ಮೇಲೆ. ನಾಚಿಕೆ ಎಂದುಕೊಂಡಿದ್ದೆನಲ್ಲ, ಅವರು ಗುಬ್ಬಿಯನ್ನು ಹುಡುಕುತ್ತಿದ್ದರು.

"ಚಾಚಾ," ಅಂದೆ. "ಒಂದು ಗುಬ್ಬಿ ಬೇಕು. ಗ್ವಾಡಿ ಬ್ಯಾಡ. ಬರೇ ಗುಬ್ಬಿ, ಹಸರ ಬಣ್ಣದ ಮುಂದ. ನಿಂತಲ್ಲೇ ನಿಂತಿರಬೇಕು, ಹಾರಬಾರದು. ಎಲ್ಲಿ ಕುಂದ್ರಸಬೇಕು ಅನ್ನೂದು ನಾ ನೋಡಕೋತೀನಿ."

ಚಾಚಾ ಫೋನು ತೆಗೆದರು. ಒಂದೊಂದೇ ಹೇಳುತ್ತ ಹೋದರು: ಕಂದು ರೆಕ್ಕೆಯ ಗಂಡು ಗುಬ್ಬಿ, ಕುತ್ತಿಗೆಯಲ್ಲಿ ಕರಿ ಗುರುತು, ಬೆಳಕು ಬಲಗಡೆಯಿಂದ, ಹಿಂದೆ ಒಂದೇ ಸಮನಾದ ಹಸಿರು. ನಿಂತು ಒಮ್ಮೆ ಕತ್ತು ಹೊರಳಿಸಿ, ಮತ್ತೆ ಸುಮ್ಮನೆ ನಿಲ್ಲುತ್ತದೆ. ಮೊದಲನೆಯದು ಹಾರಿಹೋಯಿತು. ಇನ್ನೊಂದಕ್ಕೆ ಕಾಲೇ ಕಾಣಲಿಲ್ಲ. ಅದಾದ ಮೇಲೆ ಬಂದದ್ದನ್ನು ನೋಡಿ ಚಾಚಾ ಫೋನನ್ನು ನನಗೆ ಕೊಟ್ಟರು. ನಾನು ಹಸಿರು ತೆಗೆದೆ, ಕಾಲ ಕೆಳಗೆ ಒಂದು ತೆಳು ನೆರಳು ಎಳೆದೆ, ಗೋಡೆಯ ಲೇಯರಿನ ಮೇಲೆ ಇಟ್ಟೆ. ಗದಿಗೆವ್ವನ ಕಣ್ಣು ಹೋಗುವ ಹಾದಿ ಹಿಡಿದು ಮೌಸಿನಿಂದ ಗುಬ್ಬಿಯನ್ನು ಮೆಲ್ಲಗೆ ಸರಿಸತೊಡಗಿದೆ.

"ಇನ್ನ ಸ್ವಲ್ಪ ಕೆಳಗ," ಹಿಂದಿನಿಂದ ಚಾಚಾ ಅಂದರು. "ಎಡಕ್ಕ. ಹಾಂ. ಬಿಡು."

ಬಿಟ್ಟೆ. ಖಾಲಿ ನೋಟಕ್ಕೆ ಒಂದು ನೆಲೆ ಸಿಕ್ಕಿತು. ತೆರೆಯ ಮೇಲಿನ ಮುದುಕಿಯ ಮುಖವೇ ಬದಲಾದಂತೆ ಕಂಡಿತು, ನಾನು ಆ ಮುಖವನ್ನು ಮುಟ್ಟಿಯೂ ಇರಲಿಲ್ಲ. ಚಾಚಾ ಜೇಬಿಗೆ ಕೈ ಹಾಕಿದರು, ಪೆನ್ನಿಲ್ಲ. ನನ್ನ ಮೇಜಿನ ಮೇಲಿದ್ದ ಒಂದನ್ನು ಎತ್ತಿ ಸಿಕ್ಕಿಸಿಕೊಂಡರು, ಕೇಳಲಿಲ್ಲ. ಈಗ ಅವರ ಪ್ಲೇಟುಗಳು ಬರುವಾಗ ಎರಡೆರಡು ಫೈಲು ಬರುತ್ತವೆ. ಒಂದರಲ್ಲಿ ಗೋಡೆ, ಒಂದರಲ್ಲಿ ಗುಬ್ಬಿ.

ಆವತ್ತು ಗದಿಗೆವ್ವ ತೆರೆಗೆ ಮುಖ ಹತ್ತಿರ ತಂದು ಬಹಳ ಹೊತ್ತು ನೋಡಿದರು. ಆಮೇಲೆ ಗಂಡನ ತೋಳು ಹಿಡಿದು ಅಲುಗಾಡಿಸಿ ಅಂದರು:

"ನೋಡ್ರಿ ಇಲ್ಲೆ. ಇನ್ನೂ ಹಾರಿ ಹೋಗೇ ಇಲ್ಲ ಅದು."